ಒಂದು ಪಂಗತ್, ಮೂರು ನಿಮಿಷ: ಬೀದರ್ ಗುರುದ್ವಾರದ ಲಂಗರ್ ಚಿತ್ರೀಕರಿಸಿದ ಬಗೆ

ಸಿಖ್ಖರ ಗುರುದ್ವಾರದಲ್ಲಿ ಎಲ್ಲರಿಗೂ ಬಡಿಸುವ ಸಾಮೂಹಿಕ ಊಟವಾದ ಲಂಗರ್ ಬಗ್ಗೆ ವಿಡಿಯೊ ಮಾಡುವವರು ಸಾಮಾನ್ಯವಾಗಿ ದೊಡ್ಡ ಕಡಾಯಿಯಿಂದ ಶುರುಮಾಡುತ್ತಾರೆ. ಕುದಿಯುವ ಬೇಳೆ, ರೊಟ್ಟಿಯ ರಾಶಿ ನೋಡಲು ಚೆನ್ನಾಗಿರುತ್ತವೆ, ಆದರೆ ಅವು ಯಾವ ಮದುವೆ ಅಡುಗೆಮನೆಯಲ್ಲಾದರೂ ಸಿಗುತ್ತವೆ. ಲಂಗರ್‌ನ ವಿಶೇಷ ಇರುವುದು ಪಂಗತ್‌ನಲ್ಲಿ, ಅಂದರೆ ಎಲ್ಲರೂ ಒಂದೇ ನೆಲದ ಮೇಲೆ ಸಾಲಾಗಿ ಕೂರುವುದರಲ್ಲಿ. ಅದಕ್ಕೇ ಬೀದರ್‌ನ ಗುರು ನಾನಕ್ ಝೀರಾ ಸಾಹಿಬ್‌ನ ಲಂಗರ್ ಕುರಿತ ಮೂರು ನಿಮಿಷದ ಚಿತ್ರವನ್ನು ನಾನು ಒಂದೇ ಪಂಗತ್‌ನ ಸುತ್ತ ಕಟ್ಟಿದೆ: ಚಾಪೆ ಹಾಸುವಲ್ಲಿಂದ ನೆಲ ಒರೆಸುವವರೆಗೆ.

ಮೊದಲು ಗುರುದ್ವಾರದ ಕಚೇರಿಯಲ್ಲಿ ಅನುಮತಿ ಕೇಳಬೇಕು. ಚಪ್ಪಲಿ ಹೊರಗೆ, ತಲೆಗೆ ಬಟ್ಟೆ, ಟೋಪಿ ನಡೆಯುವುದಿಲ್ಲ. ಜೇಬಿನಲ್ಲಿ ಬೀಡಿ, ಸಿಗರೇಟು, ಗುಟ್ಕಾ ಇರಲೇಬಾರದು. ಎತ್ತರದ ಟ್ರೈಪಾಡ್ ಬೇಡ. ಎರಡು ಸಾಲುಗಳ ನಡುವೆ ಬಕೆಟ್ ಹಿಡಿದ ಸೇವಾದಾರರು ಬೇಗ ಬೇಗ ಓಡಾಡುತ್ತಾರೆ, ಟ್ರೈಪಾಡ್ ಕಾಲಿಗೆ ಸಿಕ್ಕರೆ ಬಿಸಿ ಬೇಳೆ ಕೂತವರ ಮೇಲೆ ಬೀಳುತ್ತದೆ. ನಾನು ಒಂದು ಅಡಿಯ ಪುಟ್ಟ ಸ್ಟ್ಯಾಂಡನ್ನು ಸಾಲಿನ ತುದಿಯಲ್ಲಿ, ಗೋಡೆಗೆ ಒತ್ತಿ ಇಡುತ್ತೇನೆ. ಇದರಿಂದ ಇನ್ನೊಂದು ಲಾಭವಿದೆ: ಕ್ಯಾಮೆರಾ ನೆಲದ ಮೇಲೆ ಕೂತವರ ಮಟ್ಟಕ್ಕೆ ಇಳಿಯುತ್ತದೆ. ನಿಂತು ಮೇಲಿಂದ ತೆಗೆದರೆ ಉಣ್ಣುವವರು ಬೇಡುವವರಂತೆ ಕಾಣುತ್ತಾರೆ.

ಮೊದಲ ದೃಶ್ಯ: ಖಾಲಿ ಸಭಾಂಗಣ, ಉದ್ದದ ಚಾಪೆ ಬಿಚ್ಚಿಕೊಳ್ಳುತ್ತದೆ, ಕಾಲುಗಳು ಬಂದು ಕೂರುತ್ತವೆ. ಮುಖ ಇಲ್ಲ. ಹಿಮ್ಮಡಿ ಒಡೆದ ಪಾದ, ಗೆಜ್ಜೆ ಹಾಕಿದ ಪಾದ, ಸಾಕ್ಸ್ ಹಾಕಿದ ಪಾದ ಒಂದರ ಪಕ್ಕ ಒಂದು ಬಂದರೆ ಸಾಕು. ನಿರೂಪಣೆ: “ಇಲ್ಲಿ ಯಾರೂ ಹೆಸರು ಕೇಳುವುದಿಲ್ಲ, ಜಾತಿ ಕೇಳುವುದಿಲ್ಲ. ಜಾಗ ಇದ್ದಲ್ಲಿ ಕೂತರಾಯಿತು.”

ಎರಡನೆಯದು ಬಡಿಸುವ ದೃಶ್ಯ, ಚಿತ್ರದ ಅರ್ಧ ಸಮಯ ಇದಕ್ಕೇ. ಸ್ಟೀಲ್ ತಟ್ಟೆ ಬರುತ್ತದೆ, ಬೇಳೆ, ಪಲ್ಯ, ಕೊನೆಗೆ ರೊಟ್ಟಿ. ರೊಟ್ಟಿಗೆ ಇಲ್ಲಿ ಪರ್ಶಾದಾ ಎನ್ನುತ್ತಾರೆ, ಸೇವಾದಾರರು “ಪರ್ಶಾದಾ ಜೀ” ಎಂದು ಕೂಗುತ್ತಾ ಬರುತ್ತಾರೆ. ರೊಟ್ಟಿಯನ್ನು ತಟ್ಟೆಗೆ ಹಾಕುವುದಿಲ್ಲ. ಕೂತವರು ಎರಡೂ ಅಂಗೈ ಚಾಚಿದಾಗ ಅದರ ಮೇಲೆ ಬಿಡುತ್ತಾರೆ. ಈ ಕ್ಷಣವನ್ನು ಕೈಗಳ ಹತ್ತಿರದಿಂದ, ಕತ್ತರಿಸದೆ ಐದಾರು ಜನರವರೆಗೆ ಓಡಲು ಬಿಟ್ಟೆ. ಮೆಹಂದಿಯ ಕೈ, ಗ್ರೀಸ್ ಮೆತ್ತಿದ ಕೈ, ಮಗುವಿನ ಕೈ, ಎಲ್ಲಕ್ಕೂ ಅದೇ ರೊಟ್ಟಿ. ಇಲ್ಲಿ ನಿರೂಪಣೆ ಬೇಡವೇ ಬೇಡ. ಸಾಲು ಮುಗಿದ ಮೇಲೆ ಮಾತ್ರ: “ಊಟ ಸಸ್ಯಾಹಾರ. ಯಾರು ಬಂದರೂ ಉಣ್ಣಲು ಅಡ್ಡಿಯಾಗಬಾರದು. ಮೂರನೇ ಗುರು ಅಮರದಾಸರು ಮೊದಲು ಪಂಗತ್, ಆಮೇಲೆ ಸಂಗತ್, ಅಂದರೆ ಭಕ್ತರ ಸಭೆ ಎಂದರು. ಅಕ್ಬರ್ ಬಾದಷಹನೂ ಹೀಗೇ ನೆಲದ ಮೇಲೆ ಕೂತ ಎಂದು ಸಿಖ್ ಪರಂಪರೆ ಹೇಳುತ್ತದೆ.”

“ಹಸಿದ ಬಡವರಿಗೆ ಉಚಿತ ಊಟ” ಎಂಬ ಸಾಲನ್ನು ಬರೆಯಬೇಡಿ. ಪಕ್ಕದಲ್ಲಿ ಕೂತವರು ಲಾರಿ ಚಾಲಕರಿರಬಹುದು, ದೂರದಿಂದ ಬಂದ ಯಾತ್ರಿಕರಿರಬಹುದು, ಅಲ್ಲಿಯ ಸಮಿತಿಯವರೇ ಇರಬಹುದು. ಆ ಒಂದು ಸಾಲು ಚಿತ್ರ ತೋರಿಸಿದ್ದನ್ನೆಲ್ಲ ಸುಳ್ಳು ಮಾಡುತ್ತದೆ.

ಮೂರನೆಯದು ಅಡುಗೆಮನೆ, ಮೂವತ್ತು ಸೆಕೆಂಡು ಮಾತ್ರ. ಊಟ ಕಂಡ ಮೇಲೆ ಅದು ಎಲ್ಲಿಂದ ಬಂತು ಎಂದು ತೋರಿಸಿದರೆ ನೋಡುವವರ ಕುತೂಹಲ ಉಳಿಯುತ್ತದೆ. ಹಿಟ್ಟು ಉಂಡೆ ಮಾಡುವವರು, ಲಟ್ಟಿಸುವವರು, ಈರುಳ್ಳಿ ಹೆಚ್ಚುವವರಲ್ಲಿ ಬಹುಪಾಲು ಆಗಷ್ಟೇ ಉಂಡು ಎದ್ದವರು ಅಥವಾ ಇನ್ನು ಉಣ್ಣಬೇಕಾದವರು. ನಿರೂಪಣೆ ಅಷ್ಟನ್ನೇ ಹೇಳಲಿ. ಎಸಿ ಕಾರಿನಿಂದ ಇಳಿದು ನೇರ ಒಳಗೆ ಹೋದರೆ ಹಬೆಗೆ ಲೆನ್ಸ್ ಮಂಜಾಗುತ್ತದೆ. ಒರೆಸಿದರೂ ಮತ್ತೆ ಕಟ್ಟುತ್ತದೆ. ಕ್ಯಾಮೆರಾವನ್ನು ಹೊರಗಿನ ಬೆಚ್ಚಗಿನ ಗಾಳಿಯಲ್ಲಿ ಅರ್ಧ ಗಂಟೆ ಬಿಟ್ಟು ಆಮೇಲೆ ಒಯ್ಯಿರಿ. ಟ್ಯೂಬ್‌ಲೈಟಿನಡಿ ಚಿತ್ರದಲ್ಲಿ ಅಡ್ಡ ಪಟ್ಟಿಗಳು ಓಡಿದರೆ ಶಟರ್ 1/50 ಅಥವಾ 1/100ಕ್ಕೆ ಇಡಿ, ನಮ್ಮ ವಿದ್ಯುತ್ತು 50 ಹರ್ಟ್ಸ್.

ಕಷ್ಟ ಕೊಡುವುದು ಧ್ವನಿ. ದರ್ಬಾರಿನ, ಅಂದರೆ ಪ್ರಾರ್ಥನಾ ಸಭಾಂಗಣದ ಕೀರ್ತನೆ ಲೌಡ್‌ಸ್ಪೀಕರಿನಲ್ಲಿ ಕೇಳುತ್ತಲೇ ಇರುತ್ತದೆ, ದೃಶ್ಯ ಕತ್ತರಿಸಿದಲ್ಲೆಲ್ಲ ಶಬದ್ ಎಂಬ ಭಕ್ತಿಗೀತೆ ನಡುವೆ ತುಂಡಾಗುತ್ತದೆ. ಗುರುಗಳ ವಾಣಿಯಾದ ಗುರುಬಾಣಿ ಹಾಗೆ ತುಂಡಾಗುವುದು ಭಕ್ತರಿಗೆ ನೋವು ಕೊಡುತ್ತದೆ, ಕೇಳಲೂ ಕೆಡುಕು. ಸಭಾಂಗಣದ ಧ್ವನಿಯನ್ನು ಬೇರೆ ರೆಕಾರ್ಡರಿನಲ್ಲಿ ನಾಲ್ಕೈದು ನಿಮಿಷ ಎಡೆಬಿಡದೆ ಹಿಡಿದು, ಇಡೀ ಚಿತ್ರದ ಕೆಳಗೆ ಒಂದೇ ಪಟ್ಟಿಯಾಗಿ ಹಾಸಿದೆ. ದೃಶ್ಯಗಳ ಸ್ವಂತ ಧ್ವನಿಯಲ್ಲಿ ರೊಟ್ಟಿಯ ಕೂಗು, ತಟ್ಟೆಯ ಸದ್ದು ಇಷ್ಟನ್ನು ಮಾತ್ರ, ಹಿಂದೆ ಕೀರ್ತನೆ ಎದ್ದು ಕೇಳದ ತುಣುಕುಗಳಿಂದ ಉಳಿಸಿಕೊಂಡೆ. ತಟ್ಟೆ ತೊಳೆಯುವಲ್ಲಿ ಸದ್ದು ಒಮ್ಮೆಲೇ ಏರುತ್ತದೆ. ರೆಕಾರ್ಡರಿನ ಮಟ್ಟವನ್ನು ಮೊದಲೇ ಇಳಿಸಿಡದಿದ್ದರೆ ಒಡೆದ ಧ್ವನಿಯನ್ನು ಆಮೇಲೆ ಸರಿಮಾಡಲಾಗದು.

ಕೊನೆಯ ದೃಶ್ಯ ಆ ತೊಳೆಯುವ ತೊಟ್ಟಿಯೇ, ನಂತರ ನೆಲ ಒರೆಸುವ ಬಟ್ಟೆಯ ಹಿಂದೆಯೇ ಮುಂದಿನ ಸಾಲು ಕೂರುವುದು. ಪ್ರಕಟಿಸುವ ಮುನ್ನ ಸಮಿತಿಯವರ ಜೊತೆ ಕೂತು ಎರಡು ವಿಷಯ ನೋಡಿ: ಯಾವ ಚೌಕಟ್ಟಿನಲ್ಲೂ ತಲೆ ಮುಚ್ಚದವರು ಇರಬಾರದು, ಒಪ್ಪಿಗೆ ಕೊಡದ ಯಾರೊಬ್ಬರ ಮುಖವೂ ಉಣ್ಣುತ್ತಿರುವಾಗ ಹತ್ತಿರದಿಂದ ಕಾಣಬಾರದು.