ಯೂಟ್ಯೂಬ್ ವ್ಯೂಸ್ ಗಂಟೆಗಟ್ಟಲೆ ನಿಂತಾಗ ನಾನು ಏನು ನೋಡುತ್ತೇನೆ

ಬೆಂಗಳೂರಿನ ಒಂದು ಜಾನಪದ ಗಾಯನ ತಂಡದ ಯೂಟ್ಯೂಬ್ ಚಾನೆಲ್ ನೋಡಿಕೊಳ್ಳುವುದು ನನ್ನ ಕೆಲಸ. ಎಡಿಟಿಂಗ್, ಥಂಬ್‌ನೇಲ್, ಅಪ್‌ಲೋಡ್ ಎಲ್ಲ ನಾನೇ. ಹೊಸ ಹಾಡು ಬಿಟ್ಟ ದಿನ ಬರುವ ಫೋನ್‌ಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ: "ವ್ಯೂಸ್ ಯಾಕೆ ನಿಂತುಬಿಟ್ಟಿದೆ?"

ಇತ್ತೀಚಿನ ಒಂದು ಹಾಡಿನ ವಿಷಯವನ್ನೇ ಹೇಳುತ್ತೇನೆ. ಶುಕ್ರವಾರ ಸಂಜೆ 6 ಗಂಟೆಗೆ ಬಿಟ್ಟೆವು. ತಂಡದವರು ತಮ್ಮ ತಮ್ಮ ವಾಟ್ಸಾಪ್ ಗುಂಪುಗಳಿಗೆ ಲಿಂಕ್ ಕಳಿಸಿದರು. ರಾತ್ರಿ 9ಕ್ಕೆ ವಿಡಿಯೊ ಕೆಳಗೆ 1,240 ವ್ಯೂಸ್ ಇತ್ತು. 11 ಗಂಟೆಗೂ ಅಷ್ಟೇ. ಆದರೆ ಲೈಕ್ ಮಾತ್ರ 1,310ಕ್ಕೆ ಏರಿತ್ತು. ಹಾಡಿದ ಅಕ್ಕ ಗಾಬರಿಯಿಂದ ಫೋನ್ ಮಾಡಿದರು. "ನೋಡಿದವರಿಗಿಂತ ಲೈಕ್ ಕೊಟ್ಟವರೇ ಜಾಸ್ತಿ ಆಗೋದು ಹೇಗಪ್ಪಾ? ಯಾರಾದ್ರೂ ರಿಪೋರ್ಟ್ ಹೊಡೆದ್ರಾ?"

"ಇಲ್ಲ ಅಕ್ಕ, ಎಣಿಕೆ ಇನ್ನೂ ಮುಗಿದಿಲ್ಲ ಅಷ್ಟೇ" ಎಂದೆ. ಅಷ್ಟು ಧೈರ್ಯವಾಗಿ ಹೇಳಲು ಕಾರಣ, ಅದೇ ಹೊತ್ತಿಗೆ ನನ್ನ ಮುಂದೆ ಚಾನೆಲ್ ನಡೆಸುವವರಿಗೆ ಅಂಕಿಅಂಶ ತೋರಿಸುವ ಯೂಟ್ಯೂಬ್ ಸ್ಟುಡಿಯೊ ತೆರೆದಿತ್ತು. ಅದರ `Realtime` ಭಾಗದಲ್ಲಿ ಹತ್ತಿರ ಹತ್ತಿರ 4,900 ತೋರಿಸುತ್ತಿತ್ತು. ಕಳೆದ 60 ನಿಮಿಷದ ಗ್ರಾಫ್‌ನ ಕಂಬಗಳೂ ಚೆನ್ನಾಗಿ ಏರಿದ್ದವು. ಅಂದರೆ ಜನ ನೋಡುತ್ತಲೇ ಇದ್ದಾರೆ. ಹೊರಗೆ ಕಾಣುವ ಸಂಖ್ಯೆ ಮಾತ್ರ ನಿಂತಿದೆ.

ಈ ಎರಡು ಸಂಖ್ಯೆಗಳು ಯಾಕೆ ಬೇರೆ ಬೇರೆ ಅನ್ನುವುದೇ ಇಡೀ ವಿಷಯದ ತಿರುಳು. ಸಿಟಿ ಬಸ್ಸಿನ ಕಂಡಕ್ಟರ್ ಕೈಯ ಮೆಷಿನ್ ಎಷ್ಟು ಟಿಕೆಟ್ ಹರಿಯಿತು ಎಂದು ಆಗಲೇ ತೋರಿಸುತ್ತದೆ. ಡಿಪೊದಲ್ಲಿ ಲೆಕ್ಕ ಒಪ್ಪಿಸಿದ ಮೇಲೆ ಬರುವುದೇ ಪಕ್ಕಾ ಲೆಕ್ಕ. `Realtime` ಆ ಮೆಷಿನ್ ಇದ್ದ ಹಾಗೆ. ಕಳೆದ 48 ಗಂಟೆಯ ಅಂದಾಜು ಕೊಡುತ್ತದೆ. ವಿಡಿಯೊ ಕೆಳಗಿನ ಸಂಖ್ಯೆ ಹಾಗಲ್ಲ. ಪ್ಲೇ ಒತ್ತಿದ್ದು ನಿಜವಾದ ಮನುಷ್ಯನಾ, ಪ್ರೋಗ್ರಾಮಾ ಎಂದು ಯೂಟ್ಯೂಬ್ ಅಲ್ಗಾರಿದಮ್ ಮೂಲಕ ಪರೀಕ್ಷಿಸಿ, ಒಪ್ಪಿಗೆಯಾದದ್ದನ್ನು ಅಲ್ಲಿ ಸೇರಿಸುತ್ತದೆ. ಈ ಪರೀಕ್ಷೆಗಾಗಿ ಸಂಖ್ಯೆಯನ್ನು ನಿಧಾನ ಮಾಡಬಹುದು, ನಿಲ್ಲಿಸಬಹುದು, ಕಡಿಮೆಯನ್ನೂ ಮಾಡಬಹುದು ಎಂದು ಯೂಟ್ಯೂಬ್ ತನ್ನ ಸಹಾಯ ಪುಟದಲ್ಲೇ ಹೇಳಿದೆ. ವಿಡಿಯೊ ಬಿಟ್ಟ ಮೊದಲ ಕೆಲವು ಗಂಟೆಗಳಲ್ಲಿ ಹೀಗಾಗುವುದು ಜಾಸ್ತಿ. ಲೈಕ್ ಎಣಿಕೆ ಇದರ ಜೊತೆಜೊತೆಗೇ ನಡೆಯಬೇಕೆಂದಿಲ್ಲ. ಅದಕ್ಕೇ ಅದು ಮುಂದೆ ಹೋಗುತ್ತದೆ.

ಸ್ವಲ್ಪ ಹಳಬರಿಗೆ 301 ನೆನಪಿರಬಹುದು. ಆಗ ಹೊಸ ವಿಡಿಯೊಗಳ ಎಣಿಕೆ ಎಷ್ಟೋ ಸಲ 301ರಲ್ಲಿ ಅಂಟಿಕೊಳ್ಳುತ್ತಿತ್ತು. 300ರವರೆಗೆ ತಕ್ಷಣ ಎಣಿಸಿ, ಅದರಿಂದ ಮುಂದಕ್ಕೆ ಪರೀಕ್ಷೆ ಮುಗಿಯುವ ತನಕ ನಿಲ್ಲಿಸಿಡುವುದು ಪದ್ಧತಿ. ಕೋಡ್‌ನಲ್ಲಿ "300ಕ್ಕಿಂತ ಕಡಿಮೆ ಅಥವಾ 300 ಇದ್ದರೆ ಇನ್ನೊಂದನ್ನು ಸೇರಿಸು" ಎಂದಿದ್ದರಿಂದ 301 ಆಗುತ್ತಿತ್ತು. ಚಿಕ್ಕ ಸಂಖ್ಯೆಯಲ್ಲಿ ಮೋಸ ಮಾಡಿ ಯಾರಿಗೂ ದೊಡ್ಡ ಲಾಭವಿಲ್ಲ, ಆದ್ದರಿಂದ ಪರೀಕ್ಷೆ ಅಲ್ಲಿಂದ ಶುರು. 2015ರ ಆಗಸ್ಟ್‌ನಲ್ಲಿ ಈ 301 ಹೋಯಿತು. ಪರೀಕ್ಷೆ ಹೋಗಲಿಲ್ಲ. ಈಗ ಅದು ಯಾವ ಸಂಖ್ಯೆಯಲ್ಲಿ ಬೇಕಾದರೂ ತಡೆಯಬಹುದು. ನಮ್ಮದು 1,240ರಲ್ಲಿ ನಿಂತಿತ್ತು.

ಶನಿವಾರ ಬೆಳಿಗ್ಗೆ ಎದ್ದು ನೋಡಿದರೆ ಹೊರಗಿನ ಸಂಖ್ಯೆ 6,300. ಅದು ಒಂದೊಂದಾಗಿ ಏರುವುದಿಲ್ಲ, ಹೀಗೆ ಒಮ್ಮೆಗೇ ಹಾರುತ್ತದೆ. ಅಕ್ಕನಿಗೆ ಸಮಾಧಾನವಾಯಿತು.

ನನಗೆ ಆಗಲಿಲ್ಲ. `Realtime` ಗ್ರಾಫ್‌ನಲ್ಲಿ ಒಂದು ವಿಚಿತ್ರ ಕಂಡಿತ್ತು. ನಮ್ಮ ಹಾಡುಗಳಿಗೆ ರಾತ್ರಿ 12ರ ಮೇಲೆ ನೋಡುಗರು ಕಡಿಮೆಯಾಗುತ್ತಾ ಹೋಗುತ್ತಾರೆ. ಈ ಸಲ 2ರಿಂದ 4ರವರೆಗೆ ಕಂಬಗಳು ಒಂದೇ ಎತ್ತರದಲ್ಲಿ ನಿಂತಿದ್ದವು. ಜನ ತಾವಾಗಿ ನೋಡಿದರೆ ಗ್ರಾಫ್ ಅಷ್ಟು ಸಮತಟ್ಟಾಗಿ ಇರುವುದೇ ಇಲ್ಲ. ತಂಡದಲ್ಲಿ ವಿಚಾರಿಸಿದೆ. ತಮಟೆ ಬಾರಿಸುವ ಅಣ್ಣನ ತಮ್ಮನೂ ಅವನ ಹಾಸ್ಟೆಲ್ ಗೆಳೆಯರೂ ಪ್ರೀತಿಯಿಂದ ಒಂದು ಕೆಲಸ ಮಾಡಿದ್ದರು. ಇದ್ದಬದ್ದ ಫೋನ್‌ಗಳಲ್ಲೆಲ್ಲ ಹಾಡನ್ನು ಲೂಪ್‌ಗೆ ಹಾಕಿ, ಸದ್ದು ಆರಿಸಿ, ಒಂದೇ ವೈಫೈಯಲ್ಲಿ ಚಾರ್ಜಿಗಿಟ್ಟು ಮಲಗಿದ್ದರು.

ಆಮೇಲೆ ಎರಡು ಕಡೆ ಗಮನ ಇಟ್ಟೆ. ಮೊದಲನೆಯದು, ನೋಡುಗರು ಎಲ್ಲಿಂದ ಬಂದರು ಎಂದು ಹೇಳುವ ಸ್ಟುಡಿಯೊದ `Traffic source`. ವಾಟ್ಸಾಪ್‌ನಿಂದ ಬಂದವರು ಬಹುಪಾಲು `External` ಎಂದು ಕಾಣುತ್ತಾರೆ. ಯೂಟ್ಯೂಬೇ ತೋರಿಸಿದ್ದರೆ `Browse features` ಅಥವಾ `Suggested videos`. ಎರಡನೆಯದು, ಒಂದೆರಡು ದಿನ ಬಿಟ್ಟು ಬರುವ ದಿನವಾರು ವರದಿ. ಅದನ್ನು `Realtime` ಅಂದಾಜಿನ ಪಕ್ಕ ಇಟ್ಟೆ. ಒಟ್ಟು ಲೆಕ್ಕದಲ್ಲಿ ಸಾವಿರಕ್ಕೂ ಹೆಚ್ಚು ಕಮ್ಮಿಯಾಗಿತ್ತು. ಹಾಸ್ಟೆಲ್ ಫೋನ್‌ಗಳದ್ದೇ ಹೋಯಿತು ಎಂದು ನನ್ನ ಲೆಕ್ಕಾಚಾರ. ಯಾವ ವ್ಯೂ ತೆಗೆದೆವು ಎಂದು ಯೂಟ್ಯೂಬ್ ಒಂದೊಂದಾಗಿ ಹೇಳುವುದಿಲ್ಲ. ಎಷ್ಟು ಸಲ, ಎಷ್ಟು ಸೆಕೆಂಡ್ ಎಂಬ ನಿಯಮವನ್ನೂ ಪ್ರಕಟಿಸಿಲ್ಲ. ಪ್ರಕಟಿಸಿದರೆ ಮೋಸ ಮಾಡುವವರು ಅದಕ್ಕೆ ಸರಿಯಾಗಿ ಪ್ರೋಗ್ರಾಮ್ ಬರೆಯುತ್ತಾರೆ. "30 ಸೆಕೆಂಡ್ ನೋಡಿದರೆ ಒಂದು ವ್ಯೂ" ಎಂಬ ಮಾತು ಎಲ್ಲೆಡೆ ಓಡಾಡುತ್ತದೆ. 30 ಸೆಕೆಂಡ್ ಲೆಕ್ಕ ಬರೆದಿರುವುದು ಸ್ಕಿಪ್ ಮಾಡಬಹುದಾದ ಜಾಹೀರಾತಿಗೆ. ಮಾಮೂಲಿ ವಿಡಿಯೊಗೆ ಅದನ್ನು ನಂಬಿ ಲೆಕ್ಕ ಹಾಕಬೇಡಿ.

ಹಾಗಾಗಿ ನಿಂತದ್ದಕ್ಕೂ ಕಳೆದದ್ದಕ್ಕೂ ವ್ಯತ್ಯಾಸ ಗುರುತಿಸಬೇಕು. ಹೊರಗಿನ ಸಂಖ್ಯೆ ನಿಂತಿದೆ, `Realtime` ಓಡುತ್ತಿದೆ ಅಂದರೆ ಕಾಯುವುದೊಂದೇ ದಾರಿ. ಎರಡೂ ನಿಂತಿದ್ದರೆ ನಿಜವಾಗಿ ಯಾರೂ ನೋಡುತ್ತಿಲ್ಲ. `Realtime` ಓಡಿ, ದಿನವಾರು ವರದಿ ಅದಕ್ಕಿಂತ ತುಂಬಾ ಕೆಳಗೆ ಬಂದರೆ, ವ್ಯೂಸ್ ತಿರಸ್ಕಾರವಾಗಿವೆ. ತಂಡದ ವೆಬ್‌ಸೈಟ್‌ನಲ್ಲಿ ಹಾಡನ್ನು ತಾನಾಗಿ ಪ್ಲೇ ಆಗುವಂತೆ ಹಾಕಿದ್ದರೂ ಎಣಿಕೆ ಬರದು. ನೋಡುವವರು ಪ್ಲೇಯರ್‌ನ ಬಟನ್ ಒತ್ತಿಯೇ ಶುರು ಮಾಡಬೇಕು.

ವರದಿ ಓದುವಾಗ ಬೆಂಗಳೂರಿನಲ್ಲಿ ಕೂತ ನಮಗೆ ಇನ್ನೊಂದು ತೊಡಕಿದೆ. ಸ್ಟುಡಿಯೊದ "ದಿನ" ಅಮೆರಿಕದ ಪೆಸಿಫಿಕ್ ಸಮಯದ್ದು. ಅಲ್ಲಿನ ಮಧ್ಯರಾತ್ರಿ ಅಂದರೆ ನಮಗೆ ಮಧ್ಯಾಹ್ನ 12:30, ಅವರ ಚಳಿಗಾಲದಲ್ಲಿ 1:30. ನಮ್ಮ ಶುಕ್ರವಾರ ಸಂಜೆ ಮತ್ತು ಶನಿವಾರ ಬೆಳಗಿನ ಜಾವ ಎರಡೂ ಅಲ್ಲಿ ಶುಕ್ರವಾರದ ಲೆಕ್ಕದಲ್ಲೇ ಸೇರುತ್ತವೆ. ಹೀಗಾಗಿ ದಿನವಾರು ವರದಿಯಲ್ಲಿ ರಾತ್ರಿ 2ರಿಂದ 4ರದ್ದನ್ನು ಬಿಡಿಸಿ ನೋಡಲು ಆಗುವುದಿಲ್ಲ. `Realtime` ಗ್ರಾಫ್‌ನ ಸ್ಕ್ರೀನ್‌ಶಾಟ್ ಆಗಲೇ ತೆಗೆದಿಟ್ಟುಕೊಳ್ಳಬೇಕು, 48 ಗಂಟೆ ಕಳೆದರೆ ಅದು ಸಿಗದು.

ಈಗ ಹೊಸ ಹಾಡಿಗೆ ಹೊರಗಿನ ಸಂಖ್ಯೆಯನ್ನು ಗಂಟೆಗೊಮ್ಮೆ ಎಪಿಐ ಮೂಲಕ, ಅಂದರೆ ಪ್ರೋಗ್ರಾಮ್‌ಗಳು ಯೂಟ್ಯೂಬಿನಿಂದ ನೇರವಾಗಿ ಮಾಹಿತಿ ಕೇಳುವ ದಾರಿಯಿಂದ, ತೆಗೆದು ಆಗಿನ ಸಮಯದ ಜೊತೆ ಫೈಲಿಗೆ ಸೇರಿಸುತ್ತೇನೆ:

```
date >> views.log
curl -s "https://www.googleapis.com/youtube/v3/videos?part=statistics&id=VIDEO_ID&key=API_KEY" >> views.log
```

ದಿನಕ್ಕೆ ಉಚಿತವಾಗಿ ಸಿಗುವ 10,000 ಯೂನಿಟ್‌ನಲ್ಲಿ ಪ್ರತಿ ಸಲ ಒಂದೇ ಯೂನಿಟ್ ಖರ್ಚು. `viewCount` ಎಷ್ಟು ಗಂಟೆ ಒಂದೇ ಕಡೆ ನಿಂತಿತ್ತು, ಎಷ್ಟಕ್ಕೆ ಹಾರಿತು, ಯಾವಾಗ ಇಳಿಯಿತು ಎಲ್ಲ ಅದರಲ್ಲಿ ಕಾಣುತ್ತದೆ. ಅಕ್ಕ ಫೋನ್ ಮಾಡಿದಾಗ ಹಿಂದಿನ ಹಾಡಿನ ಫೈಲ್ ತೆರೆದು, ಅದೂ ಹೀಗೇ ನಿಂತು ಎಷ್ಟು ಹೊತ್ತಿಗೆ ಬಿಟ್ಟಿತು ಎಂದು ಓದಿ ಹೇಳುತ್ತೇನೆ. ಹಾಸ್ಟೆಲ್ ಹುಡುಗರಿಗೂ ಒಂದು ಕೆಲಸ ಕೊಟ್ಟಿದ್ದೇನೆ: ಲೂಪ್ ಹಾಕುವುದನ್ನು ನಿಲ್ಲಿಸಿ, ಹಾಡು ಇಷ್ಟವಾಗುವಂಥ ಒಬ್ಬೊಬ್ಬರಿಗೆ ಲಿಂಕ್ ಕಳಿಸಿ.