ಕೆಂಪು ಕಣ ಒಡೆಯುತ್ತಿರುವುದು ಎಲ್ಲಿ?

ರಕ್ತದ ಪ್ರೋಟೀನ್ ಆದ ಹ್ಯಾಪ್ಟೋಗ್ಲೋಬಿನ್ ಕಡಿಮೆ ಎಂದು ರಿಪೋರ್ಟ್ ಬಂದ ಕೂಡಲೇ ‘ಕಣಗಳು ರಕ್ತನಾಳದೊಳಗೇ ಒಡೆಯುತ್ತಿವೆ’ ಎಂದು ಕೇಸ್‌ಶೀಟಿನಲ್ಲಿ ಬರೆದುಬಿಡುವುದನ್ನು ಬೆಂಗಳೂರಿನ ವಾರ್ಡುಗಳಲ್ಲಿ ತುಂಬಾ ನೋಡಿದ್ದೇನೆ. ಕಣ ಒಡೆಯುತ್ತಿದೆ ಎಂದು ಅದು ಹೇಳಬಹುದು. ಎಲ್ಲಿ, ರಕ್ತನಾಳದಲ್ಲೋ ಗುಲ್ಮದಲ್ಲೋ, ಎಂದು ಹೇಳುವುದಿಲ್ಲ.

ನಾನು ನೋಡಿದ ಒಬ್ಬ ಹುಡುಗ ಮಂಗಳೂರಿನಲ್ಲಿ ಕಟ್ಟಡದ ಕೆಲಸ ಮುಗಿಸಿ ಬಂದಿದ್ದ. ವೈವಾಕ್ಸ್ ಮಲೇರಿಯಾ. ಅದು ಮರುಕಳಿಸದಿರಲಿ ಎಂದು ಕೊಡುವ ಪ್ರೈಮಾಕ್ವಿನ್ ಮಾತ್ರೆ ಶುರುವಾದ ಮೂರನೇ ದಿನ ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು, ಹಿಮೋಗ್ಲೋಬಿನ್ 12ರಿಂದ 7.4ಕ್ಕೆ ಇಳಿಯಿತು. ಲ್ಯಾಬ್‌ನಿಂದ ಫೋನ್: “ಡಾಕ್ಟ್ರೇ, ಸೀರಮ್ ಕೆಂಪಗಿದೆ, ಸ್ಯಾಂಪಲ್ ಹಾಳಾಗಿದೆ, ಇನ್ನೊಂದು ಕಳಿಸಿ.”

ನ್ಯಾಯವಾದ ಮಾತೇ. ಸಣ್ಣ ಸೂಜಿಯಲ್ಲಿ ಸಿರಿಂಜ್ ಜೋರಾಗಿ ಎಳೆದರೂ ಕಣ ಒಡೆಯುತ್ತದೆ, ಕಣದೊಳಗಿನ ಕಿಣ್ವವಾದ ಎಲ್‌ಡಿಎಚ್ ಏರುತ್ತದೆ. ಹಾಗಾಗಿ ದೊಡ್ಡ ಸೂಜಿ ಹಾಕಿ, ತೋಳಿನ ಪಟ್ಟಿ ಬೇಗ ಸಡಿಲಿಸಿ, ನಾನೇ ನಿಧಾನವಾಗಿ ರಕ್ತ ತೆಗೆದೆ. ಪ್ಲಾಸ್ಮಾ ಮತ್ತೆ ಗುಲಾಬಿ. ಮೂತ್ರದ ಪಟ್ಟಿಯಲ್ಲಿ ರಕ್ತ 3+, ಆದರೆ ಮೈಕ್ರೋಸ್ಕೋಪಿನಲ್ಲಿ ಒಂದೂ ಕೆಂಪು ಕಣ ಇಲ್ಲ. ಅಂದರೆ ಪಟ್ಟಿ ಹಿಡಿದದ್ದು ಕಣವನ್ನಲ್ಲ, ಕಣದಿಂದ ಬಿಡಿಯಾಗಿ ಬಂದ ಬಣ್ಣವನ್ನು. ಸ್ನಾಯುವಿನಿಂದ ಬಂದ ಮಯೋಗ್ಲೋಬಿನ್ ಆಗಿದ್ದರೆ ಪ್ಲಾಸ್ಮಾ ಹೀಗೆ ಕೆಂಪಾಗುತ್ತಿರಲಿಲ್ಲ. ಹ್ಯಾಪ್ಟೋಗ್ಲೋಬಿನ್ 10ಕ್ಕಿಂತ ಕಡಿಮೆ, ಎಲ್‌ಡಿಎಚ್ 1,900.

ಹ್ಯಾಪ್ಟೋಗ್ಲೋಬಿನ್ ಬಿಡಿ ಹಿಮೋಗ್ಲೋಬಿನ್ ಅನ್ನು ಹಿಡಿದುಕೊಳ್ಳುತ್ತದೆ, ಆ ಜೋಡಿಯನ್ನು ಕಸ ನುಂಗುವ ಜೀವಕೋಶಗಳಾದ ಮ್ಯಾಕ್ರೋಫೇಜ್‌ಗಳು ನುಂಗುತ್ತವೆ. ಹಿಡಿಯುವುದಕ್ಕೆ ಅದು ಉಳಿಯದಾದ ಮೇಲೆ ಹಿಮೋಗ್ಲೋಬಿನ್ ಕಿಡ್ನಿ ದಾಟಿ ಮೂತ್ರಕ್ಕೆ ಬರುತ್ತದೆ. ಗುಲ್ಮದಲ್ಲಿ ಹಾಗಲ್ಲ, ಅಲ್ಲಿ ಮ್ಯಾಕ್ರೋಫೇಜ್ ಕಣವನ್ನೇ ನುಂಗಿ ಒಳಗೇ ಬಿಲಿರುಬಿನ್ ಮಾಡುತ್ತದೆ, ಎಲ್‌ಡಿಎಚ್ ಹೊರಗೆ ಸೋರುವುದು ಕಡಿಮೆ. ಆದರೂ ಅಷ್ಟಿಷ್ಟು ಹಿಮೋಗ್ಲೋಬಿನ್ ಸೋರುತ್ತದೆ, ಹ್ಯಾಪ್ಟೋಗ್ಲೋಬಿನ್ ಖಾಲಿ ಮಾಡುವುದಕ್ಕೆ ಅಷ್ಟು ಸಾಕು. ದೇಹದ ರಕ್ಷಣಾ ವ್ಯವಸ್ಥೆಯೇ ಕೆಂಪು ಕಣಗಳ ಮೇಲೆ ಬೀಳುವ ಆಟೋಇಮ್ಯೂನ್ ಹಿಮೊಲಿಸಿಸ್ ಇದ್ದ ಒಬ್ಬ ಅಮ್ಮನಿಗೂ ಹ್ಯಾಪ್ಟೋಗ್ಲೋಬಿನ್ ಇಷ್ಟೇ ಕಡಿಮೆ ಇತ್ತು. ಅವರ ಎಲ್‌ಡಿಎಚ್ ಮಾತ್ರ 420, ಪ್ಲಾಸ್ಮಾ ಹಳದಿ, ಮೂತ್ರದಲ್ಲಿ ರಕ್ತ ನೆಗೆಟಿವ್, ಸ್ಮಿಯರ್ ತುಂಬಾ ಗುಂಡಗಾದ ಕೆಂಪು ಕಣಗಳಾದ ಸ್ಫೆರೋಸೈಟ್‌ಗಳು.

ಎಲ್‌ಡಿಎಚ್ ಜಾಸ್ತಿ ಇದ್ದ ಮಾತ್ರಕ್ಕೂ ನಂಬಬೇಡಿ. ಬಿ12 ಕೊರತೆ ತೀವ್ರವಾದರೆ ಕಣಗಳು ಮಜ್ಜೆಯಲ್ಲೇ ಸಾಯುತ್ತವೆ, ಎಲ್‌ಡಿಎಚ್ ಸಾವಿರ ದಾಟುತ್ತದೆ, ಹ್ಯಾಪ್ಟೋಗ್ಲೋಬಿನ್ ಕೂಡ ಇಳಿಯುತ್ತದೆ. ಅಲ್ಲಿ ಆಗಷ್ಟೇ ಹುಟ್ಟಿದ ಕೆಂಪು ಕಣಗಳಾದ ರೆಟಿಕ್ಯುಲೋಸೈಟ್ ಏರಿರುವುದಿಲ್ಲ. ನಮ್ಮ ಹುಡುಗನಲ್ಲೂ ಮಲೇರಿಯಾ ಒಂದೇ ಹ್ಯಾಪ್ಟೋಗ್ಲೋಬಿನ್ ಇಳಿಸಿರಬಹುದಿತ್ತು. ಅದಕ್ಕೇ ನಾನು ಹೆಚ್ಚು ತೂಕ ಕೊಟ್ಟಿದ್ದು ಗುಲಾಬಿ ಪ್ಲಾಸ್ಮಾಕ್ಕೆ ಮತ್ತು ಆ ಮೂತ್ರಕ್ಕೆ.

ಪ್ರೈಮಾಕ್ವಿನ್ ನಿಲ್ಲಿಸಿ, ಡ್ರಿಪ್ ಹಾಕಿ, ದಿನಾ ಕ್ರಿಯೇಟಿನಿನ್ ನೋಡಿದೆವು. ಕೆಂಪು ಕಣದಲ್ಲಿ ಜಿ6ಪಿಡಿ ಎಂಬ ಕಿಣ್ವ ಕಮ್ಮಿ ಇದ್ದರೆ ಈ ಮಾತ್ರೆಗೆ ಕಣ ಒಡೆಯುತ್ತದೆ. ಅದರ ಪರೀಕ್ಷೆ ಆಗ ನಾರ್ಮಲ್ ಬಂತು. ಕಿಣ್ವ ಕಮ್ಮಿ ಇರುವ ಹಳೇ ಕಣಗಳು ಆಗಲೇ ಒಡೆದುಹೋಗಿ, ಕಿಣ್ವ ಜಾಸ್ತಿ ಇರುವ ಹೊಸ ಕಣಗಳು ಉಳಿದಿರುತ್ತವೆ ಅಲ್ವಾ. ಮೂರು ತಿಂಗಳು ಬಿಟ್ಟು ಮತ್ತೆ ಮಾಡಿಸಿದೆವು, ಕೊರತೆ ಇದೆ ಎಂದು ಬಂತು.