ಚಿಕ್ಕ ಈಜುಕೊಳದ ಪೈಪಿಂಗ್: ಸಕ್ಷನ್ ಕಡೆಗೆ ನಾನು ಹೆಚ್ಚು ಗಮನ ಕೊಡುವುದೇಕೆ

ನೀರನ್ನು ಕೊಳಕ್ಕೆ ಮರಳಿಸುವ ರಿಟರ್ನ್ ಲೈನ್‌ನ ಜಾಯಿಂಟ್ ಸೋರಿದರೆ ನೀರು ಹೊರಗೆ ಬಂದು ನೆಲ ಒದ್ದೆಯಾಗುತ್ತದೆ, ಯಾರಿಗಾದರೂ ಗೊತ್ತಾಗುತ್ತದೆ. ಕೊಳದ ನೀರನ್ನು ಪಂಪಿಗೆ ಎಳೆಯುವ ಸಕ್ಷನ್ ಲೈನ್‌ನಲ್ಲಿ, ಪಂಪಿನ ಹತ್ತಿರದ ಜಾಯಿಂಟ್ ಸಡಿಲವಿದ್ದರೆ ಹಾಗಲ್ಲ. ಪಂಪ್ ಓಡುವಾಗ ಒಂದು ಹನಿಯೂ ಬೀಳುವುದಿಲ್ಲ, ಗಾಳಿ ಮಾತ್ರ ಒಳಗೆ ಹೋಗುತ್ತಿರುತ್ತದೆ. ಅದಕ್ಕೇ ಪೈಪಿಂಗ್ ಲೆಕ್ಕವನ್ನು ನಾನು ಶುರು ಮಾಡುವುದು ಸಕ್ಷನ್‌ನಿಂದ.

8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ 1.4 ಮೀಟರ್ ಆಳದ ಕೊಳವನ್ನೇ ತೆಗೆದುಕೊಳ್ಳಿ. ನೀರು ಸುಮಾರು 45 ಘನ ಮೀಟರ್, ಅಂದರೆ 45,000 ಲೀಟರ್. ಇಷ್ಟೂ ನೀರು 6 ಗಂಟೆಗೊಮ್ಮೆ ಫಿಲ್ಟರ್ ಮೂಲಕ ಹಾದುಹೋಗಬೇಕೆಂದರೆ ಗಂಟೆಗೆ 7.5 ಘನ ಮೀಟರ್ ಹರಿವು ಬೇಕು. ಸಕ್ಷನ್‌ನಲ್ಲಿ ನೀರಿನ ವೇಗ ಸೆಕೆಂಡಿಗೆ 1.5 ಮೀಟರ್ ದಾಟದಂತೆ ನೋಡಿಕೊಳ್ಳುತ್ತೇನೆ. 50 ಮಿಮೀ ಪೈಪಿನ ಒಳವ್ಯಾಸ ಸುಮಾರು 45 ಮಿಮೀ, ಅದರಲ್ಲಿ ಈ ಹರಿವಿಗೆ ವೇಗ 1.3 ಮೀಟರ್ ಬರುತ್ತದೆ. ಲೆಕ್ಕದಲ್ಲಿ ಪಾಸಾಯಿತು ನಿಜ, ಆದರೆ ಅಂಚಿನಲ್ಲಿದೆ. 63 ಮಿಮೀ ಹಾಕಿದರೆ ವೇಗ 0.8 ಮೀಟರಿಗೆ ಇಳಿಯುತ್ತದೆ. ಸಕ್ಷನ್ ಪೂರ್ತಿ 63, ರಿಟರ್ನ್ 50 ಎಂದು ನಾನು ಇಟ್ಟುಕೊಂಡಿರುವುದು ಇದಕ್ಕೇ. ಎರಡು ಅಳತೆಗಳ ಬೆಲೆಯ ವ್ಯತ್ಯಾಸ, ಮುಂದೆ ಕಾಂಕ್ರೀಟ್ ಒಡೆಯುವ ಖರ್ಚಿನ ಮುಂದೆ ಲೆಕ್ಕಕ್ಕೇ ಬರುವುದಿಲ್ಲ.

ದೊಡ್ಡ ಪಂಪ್ ಹಾಕಿದರೆ ನೀರು ಇನ್ನೂ ಚೆನ್ನಾಗಿ ಶುದ್ಧವಾಗುತ್ತದಲ್ಲವೇ ಎಂದು ಮಾಲೀಕರು ಕೇಳುವುದುಂಟು. ಹರಿವು ಎರಡರಷ್ಟಾದರೆ ಪೈಪಿನೊಳಗಿನ ಘರ್ಷಣೆ ಹತ್ತಿರ ಹತ್ತಿರ ನಾಲ್ಕರಷ್ಟಾಗುತ್ತದೆ. ಫಿಲ್ಟರಿನ ಮರಳಿನಲ್ಲಿ ನೀರು ರಭಸದಿಂದ ನುಗ್ಗಿ ಸಣ್ಣ ಕಸವನ್ನು ದಾಟಿಸಿಬಿಡುತ್ತದೆ. ಹಾರ್ಸ್‌ಪವರ್ ನೋಡಿ ಪಂಪ್ ಕೊಳ್ಳಬೇಡಿ. ಯಾವ ಒತ್ತಡಕ್ಕೆ ಎಷ್ಟು ಹರಿವು ಎಂದು ತೋರಿಸುವ ಪಂಪಿನ ಕರ್ವ್‌ನಲ್ಲಿ, ಸುಮಾರು 10 ಮೀಟರ್ ಹೆಡ್‌ಗೆ, ಅಂದರೆ ಅಷ್ಟು ಎತ್ತರದ ನೀರಿನ ಒತ್ತಡಕ್ಕೆ, ಗಂಟೆಗೆ 7.5 ಘನ ಮೀಟರ್ ಸಿಗುತ್ತದೆಯೇ ಎಂದು ನೋಡಿ.

ಈ ಅಳತೆಯ ಕೊಳಕ್ಕೆ, ಮೇಲ್ಮೈಯ ನೀರನ್ನು ಎಳೆದುಕೊಳ್ಳುವ ಸ್ಕಿಮ್ಮರ್ ಒಂದು ಸಾಕು. ಗಾಳಿ ಸಾಮಾನ್ಯವಾಗಿ ಯಾವ ಗೋಡೆಯತ್ತ ಬೀಸುತ್ತದೋ ಆ ಗೋಡೆಯಲ್ಲಿ ಅದನ್ನು ಕೂರಿಸಬೇಕು, ಎಲೆ, ಧೂಳು ತಾವಾಗಿ ಅಲ್ಲಿಗೆ ಬಂದು ಸೇರುತ್ತವೆ. ನೀರಿನ ಮಟ್ಟ ಸ್ಕಿಮ್ಮರ್ ಬಾಯಿಯ ಅರ್ಧಕ್ಕೆ ಬರುವಂತೆ ಎತ್ತರ ಗುರುತು ಹಾಕಿಕೊಳ್ಳಿ. ಅದಕ್ಕಿಂತ ತೀರಾ ಕೆಳಗಿಳಿದರೆ ಸುಳಿ ಎದ್ದು ಗಾಳಿ ಎಳೆಯುತ್ತದೆ. ಕೆಲವು ಸ್ಕಿಮ್ಮರ್‌ಗಳ ತಳದಲ್ಲಿ ಎರಡು ತೂತುಗಳಿರುತ್ತವೆ, ಕೊಳದ ತಳದಿಂದ ನೀರೆಳೆಯುವ ಮೇನ್ ಡ್ರೈನ್‌ನ ಪೈಪನ್ನು ಅದರಲ್ಲೇ ಒಂದಕ್ಕೆ ಸೇರಿಸಿ ಒಂದೇ ಲೈನ್‌ನಲ್ಲಿ ಕೆಲಸ ಮುಗಿಸುವವರಿದ್ದಾರೆ. ಪೈಪ್ ಉಳಿಯುತ್ತದೆ, ಆದರೆ ಆಮೇಲೆ ಯಾವುದರಿಂದ ಎಷ್ಟು ನೀರು ಬರುತ್ತಿದೆ ಎಂದು ಪಂಪ್ ರೂಮಿನಲ್ಲಿ ನಿಂತು ಹತೋಟಿ ಮಾಡಲು ಆಗುವುದಿಲ್ಲ. ನಾನು ಸ್ಕಿಮ್ಮರ್‌ಗೆ ಒಂದು ಲೈನ್, ಮೇನ್ ಡ್ರೈನ್‌ಗೆ ಇನ್ನೊಂದು ಎಂದು ಬೇರೆ ಬೇರೆಯಾಗಿಯೇ ತರುತ್ತೇನೆ. ಎರಡಕ್ಕೂ ಪಂಪಿನ ಮುಂದೆ ಒಂದೊಂದು ವಾಲ್ವ್.

ಮೇನ್ ಡ್ರೈನ್ ಒಂದೇ ಹಾಕುವುದು ಅಪಾಯ. 200 ಮಿಮೀ ವ್ಯಾಸದ ಒಂದೇ ಜಾಲರಿಯನ್ನು ಮಗುವಿನ ಮೈ ಪೂರ್ತಿ ಮುಚ್ಚಿತು ಎಂದುಕೊಳ್ಳಿ. ಪಂಪ್ ಅಲ್ಲಿ 0.3 ಬಾರ್ ನಿರ್ವಾತ ಉಂಟುಮಾಡಿದರೂ ಹಿಡಿದೆಳೆಯುವ ಬಲ ಸುಮಾರು 95 ಕೆಜಿ ತೂಕಕ್ಕೆ ಸಮ. ದೊಡ್ಡವರೂ ಎಳೆದು ಬಿಡಿಸಲಾರರು. ಎರಡು ಡ್ರೈನ್‌ಗಳ ನಡುವೆ ಕನಿಷ್ಠ 90 ಸೆಂಟಿಮೀಟರ್ ಅಂತರವಿಟ್ಟು, ಎರಡನ್ನೂ ನಡುವಿನ ಟೀಗೆ ಸಮ ಉದ್ದದ ಪೈಪಿನಲ್ಲಿ ಸೇರಿಸಬೇಕು. ಆಗ ಒಂದು ಮುಚ್ಚಿಕೊಂಡರೂ ನೀರು ಇನ್ನೊಂದರಿಂದ ಬರುತ್ತದೆ. ಡ್ರೈನ್‌ಗೂ ಟೀಗೂ ನಡುವೆ ವಾಲ್ವ್ ಯಾವ ಕಾರಣಕ್ಕೂ ಬೇಡ. ಅದನ್ನು ಯಾರಾದರೂ ಮುಚ್ಚಿದರೆ ಎರಡು ಡ್ರೈನ್ ಇದ್ದೂ ಒಂದೇ ಇದ್ದಂತೆ. ಎರಡೂ ಕವರ್‌ಗಳು ಸುಳಿ ಏಳದ ಮಾದರಿಯವೇ ಆಗಿರಲಿ, ಪ್ರತಿಯೊಂದೂ ಒಂಟಿಯಾಗಿಯೇ ಪೂರ್ತಿ ಹರಿವನ್ನು ತಾಳುವಂಥದ್ದಾಗಿರಲಿ. ಕವರ್ ಒಡೆದಿದ್ದರೆ, ಸ್ಕ್ರೂ ಬಿಟ್ಟಿದ್ದರೆ ಅದು ಸರಿಯಾಗುವವರೆಗೆ ಯಾರೂ ನೀರಿಗೆ ಇಳಿಯಬಾರದು.

ಪೈಪ್ ಎಳೆಯುವಾಗ ಒಂಟೆಯ ಬೆನ್ನಿನಂತೆ ನಡುವೆ ಏರಿ ಇಳಿಯುವ ಗೂನು ಬರದಂತೆ ನೋಡಿಕೊಳ್ಳಬೇಕು. ಆ ಎತ್ತರದ ಜಾಗದಲ್ಲಿ ಗಾಳಿ ಸೇರಿಕೊಂಡು ಹರಿವನ್ನು ಕಡಿಮೆ ಮಾಡುತ್ತದೆ, ಎಷ್ಟು ಹೊತ್ತು ಪಂಪ್ ಓಡಿಸಿದರೂ ಹೊರಡುವುದಿಲ್ಲ. ಪಂಪ್ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಒಳ್ಳೆಯದು, ಮೇಲಿಡಲೇಬೇಕಾದರೆ ಎತ್ತರ ಒಂದು ಮೀಟರ್ ಒಳಗೇ ಇರಲಿ. ಪಂಪಿನ ಬಾಯಿಗೆ ಸೇರುವ ಮುಂಚೆ ಪೈಪಿನ ವ್ಯಾಸದ ಐದರಷ್ಟಾದರೂ, ಅಂದರೆ 63ರ ಪೈಪಿಗೆ ಸುಮಾರು 32 ಸೆಂಟಿಮೀಟರ್, ನೇರ ಪೈಪ್ ಬಿಡಬೇಕು. ಎಲ್ಬೋವನ್ನು ಪಂಪಿಗೆ ಅಂಟಿಸಿಟ್ಟರೆ ನೀರು ಇಂಪೆಲರಿಗೆ ಒಂದೇ ಬದಿಯಿಂದ ಹೊಡೆಯುತ್ತದೆ, ಗರಗರ ಸದ್ದು ಬರುತ್ತದೆ. ಪಂಪಿನ ಎರಡೂ ಕಡೆ ಬಿಚ್ಚಿ ಜೋಡಿಸಬಹುದಾದ ಯೂನಿಯನ್ ಇಲ್ಲದಿದ್ದರೆ ಮುಂದೊಂದು ದಿನ ಸೀಲ್ ಬದಲಿಸುವವನು ಪೈಪ್ ಕೊಯ್ಯಬೇಕಾಗುತ್ತದೆ.

ರಿಟರ್ನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ಕಿಮ್ಮರ್ ಎದುರಿನ ಗೋಡೆಯಲ್ಲಿ ಮೂರು ಬಾಯಿ, ನೀರಿನ ಮಟ್ಟದಿಂದ 30 ಸೆಂಟಿಮೀಟರ್ ಕೆಳಗೆ. ತಿರುಗುವ ನಾಝಲ್‌ಗಳನ್ನು ಮೇಲ್ಮೈಯ ನೀರು ಸ್ಕಿಮ್ಮರ್ ಕಡೆ ಸಾಗುವಂತೆ ತಿರುಗಿಸಿ, ಮೆಟ್ಟಿಲ ಮೂಲೆಯಂಥ ನೀರು ನಿಲ್ಲುವ ಜಾಗಕ್ಕೆ ಒಂದನ್ನು ಮೀಸಲಿಡಿ.

ಜಾಯಿಂಟ್ ಅಂಟಿಸುವಾಗ ಪೈಪಿನ ತುದಿಯ ಚೂರುಗಳನ್ನು ಕೆರೆದು, ಪ್ರೈಮರ್ ಹಚ್ಚಿ, ಸಾಲ್ವೆಂಟ್ ಸಿಮೆಂಟ್ ಎರಡೂ ಕಡೆ ಹಚ್ಚಿ, ಕಾಲು ಸುತ್ತು ತಿರುಗಿಸುತ್ತಾ ತಳ ಮುಟ್ಟುವವರೆಗೆ ಒತ್ತಿ, ಅರ್ಧ ನಿಮಿಷ ಕೈಬಿಡಬೇಡಿ. ಬಿಟ್ಟರೆ ಪೈಪ್ ತಾನೇ ಹಿಂದಕ್ಕೆ ಜಾರುತ್ತದೆ. ಸಿಮೆಂಟ್ ಪೂರ್ತಿ ಗಟ್ಟಿಯಾದ ಮೇಲೆ ತುದಿಗಳನ್ನೆಲ್ಲ ಮುಚ್ಚಿ ನೀರು ತುಂಬಿ, ಒಳಗಿನ ಗಾಳಿಯನ್ನು ಹೊರಬಿಟ್ಟು, 2 ಬಾರ್ ಒತ್ತಡದಲ್ಲಿ 24 ಗಂಟೆ ಇಡುತ್ತೇನೆ. ಗಾಳಿ ತುಂಬಿ ಪರೀಕ್ಷೆ ಮಾಡಬಾರದು, ಪಿವಿಸಿ ಒಡೆದರೆ ಚೂರುಗಳು ಗುಂಡಿನಂತೆ ಹಾರುತ್ತವೆ. ಕಾಂಕ್ರೀಟ್ ಹಾಕುವಾಗಲೂ ಗೇಜ್ ಕಳಚುವುದಿಲ್ಲ. ಪೈಪಿಗೆ ಪೆಟ್ಟು ಬಿದ್ದರೆ ಮುಳ್ಳು ಆ ಕ್ಷಣವೇ ಇಳಿಯುತ್ತದೆ, ಕಾಂಕ್ರೀಟ್ ಹಸಿಯಿರುವಾಗಲೇ ತೆಗೆದು ಸರಿಪಡಿಸಬಹುದು.

ಚಾಲೂ ಮಾಡಿದ ಮೇಲೆ ಸ್ಕಿಮ್ಮರ್‌ನಿಂದ ಮುಕ್ಕಾಲು, ಮೇನ್ ಡ್ರೈನ್‌ನಿಂದ ಕಾಲು ಭಾಗ ನೀರು ಬರುವಂತೆ ವಾಲ್ವ್ ತಿರುಗಿಸಿಡುತ್ತೇನೆ. ಎರಡನ್ನೂ ಒಟ್ಟಿಗೆ ಪೂರ್ತಿ ಮುಚ್ಚಬಾರದು.

ರಿಟರ್ನ್ ಬಾಯಿಯಲ್ಲಿ ಗುಳ್ಳೆ ಬರುತ್ತಿದ್ದರೆ, ಪಂಪಿನ ಪಾರದರ್ಶಕ ಮುಚ್ಚಳದೊಳಗೆ ಬುಟ್ಟಿ ಪೂರ್ತಿ ತುಂಬದೆ ನೀರು ಕುದಿಯುವಂತೆ ಕಂಡರೆ, ಗಾಳಿ ಎಲ್ಲೋ ಸೇರುತ್ತಿದೆ ಎಂದೇ ಅರ್ಥ. ಮೊದಲು ನೀರಿನ ಮಟ್ಟ ನೋಡಿ, ಆಮೇಲೆ ಮುಚ್ಚಳದ ಓ-ರಿಂಗ್. ಅನೇಕ ಬಾರಿ ಒಂದು ಮರಳಿನ ಕಣ ಅದರಡಿ ಸಿಕ್ಕಿರುತ್ತದೆ. ಅದೂ ಅಲ್ಲದಿದ್ದರೆ ಮೇನ್ ಡ್ರೈನ್ ವಾಲ್ವ್ ಮುಚ್ಚಿ ಸ್ಕಿಮ್ಮರ್ ಮಾತ್ರ ಓಡಿಸಿ, ಆಮೇಲೆ ಸ್ಕಿಮ್ಮರ್ ಮುಚ್ಚಿ ಡ್ರೈನ್ ಮಾತ್ರ ಓಡಿಸಿ. ಒಂದು ಲೈನ್‌ನಲ್ಲಿ ಮಾತ್ರ ಗುಳ್ಳೆ ಬಂದರೆ ದೋಷ ಆ ಲೈನ್‌ನಲ್ಲಿದೆ, ಎರಡರಲ್ಲೂ ಬಂದರೆ ಅವು ಕೂಡುವ ಜಾಗದಿಂದ ಪಂಪಿನವರೆಗಿನ ತುಂಡಿನಲ್ಲಿದೆ. ಪಂಪ್ ಓಡುತ್ತಿರುವಾಗ ಆ ಜಾಯಿಂಟ್‌ಗಳ ಮೇಲೆ ಒಂದೊಂದಾಗಿ ನೀರು ಸುರಿಯುತ್ತಾ ಬನ್ನಿ. ಗುಳ್ಳೆ ಯಾವುದಕ್ಕೆ ನಿಲ್ಲುತ್ತದೋ ಅದನ್ನು ಕೊಯ್ದು ಹೊಸದಾಗಿ ಅಂಟಿಸಿ, ಮೇಲಿಂದ ಸಿಮೆಂಟ್ ಬಳಿದರೆ ನಿಲ್ಲುವುದಿಲ್ಲ.